ಹರಳೋ ಪಪ್ಪಾಯಿಯೋ? ಎಲೆಯ ತೊಟ್ಟು ನೋಡಿ, ಬೀಜ ಜೋಪಾನ

ಪ್ರಶ್ನೆ: ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿ. ಕೊಟ್ಟಿಗೆ ಹಿಂದೆ ಗೊಬ್ಬರಗುಂಡಿ ಅಂಚಲ್ಲಿ ಒಂದಷ್ಟು ಗಿಡ ತಾವಾಗೇ ಎದ್ದಿವೆ. ಎಲ್ಲಾ ಪಪ್ಪಾಯಿ ಅಂದುಕೊಂಡಿದ್ವಿ. ಮನೆಯವರಿಗೆ ಡೆಂಗ್ಯೂ ಬಂದಾಗ ಎಲೆ ರಸ ಮಾಡೋಣ ಅಂತ ಕೊಯ್ಯಲು ಹೋದೆ. ಅತ್ತೆ ನೋಡಿ "ಅದು ಹರಳು ಕಣೇ, ಬಿಡು" ಅಂದರು. ದೊಡ್ಡ ಗಿಡದಲ್ಲಿ ಮುಳ್ಳುಮುಳ್ಳು ಕಾಯಿ ಇದೆ, ಅದು ಹರಳೇ ಇರಬೇಕು. ಸಣ್ಣವು ಯಾವುದು ಯಾವುದೋ ಗೊತ್ತಾಗ್ತಿಲ್ಲ. ಹೋದ ವಾರ ಐದು ವರ್ಷದ ಮಗ ಆ ಬೀಜ ಬಾಯಿಗೆ ಹಾಕಿಕೊಂಡು ಉಗುಳಿದ್ದ, ಏನೂ ಆಗಲಿಲ್ಲ. ಹರಳೆಣ್ಣೆ ನಾವು ಕುಡಿಯುತ್ತೇವಲ್ಲ, ಬೀಜ ಮಾತ್ರ ಹೇಗೆ ವಿಷ? ಗಿಡ ತೆಗೆಸಬೇಕಾ?

ಉತ್ತರ: ಮೊದಲು ಮಗನ ವಿಷಯ. ವಾರ ಕಳೆದಿದೆ, ಹುಡುಗ ಆಡಿಕೊಂಡಿದ್ದಾನೆ ಅಂದರೆ ಆ ಬೀಜದಿಂದ ಇನ್ನು ತೊಂದರೆ ಇಲ್ಲ. ಹರಳಿನ ವಿಷ ಏನಾದರೂ ಮಾಡುವುದಿದ್ದರೆ ಮೊದಲ ಒಂದು ದಿನದೊಳಗೇ ಶುರುವಾಗುತ್ತದೆ. ಅವನು ಅಗಿಯದೇ ಉಗುಳಿದ್ದು ಒಳ್ಳೆಯದಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ. ಅತ್ತೆಯವರು ತಡೆದದ್ದೂ ಒಳ್ಳೆಯದೇ ಆಯಿತು.

ಈಗ ಎಲೆ. ಗೊಬ್ಬರಗುಂಡಿ ಹತ್ತಿರ ಈ ಎರಡೂ ಗಿಡ ಒಟ್ಟಿಗೆ ಏಳುವುದು ಆಶ್ಚರ್ಯವೇನಲ್ಲ. ತಿಂದು ಎಸೆದ ಪಪ್ಪಾಯಿ ಬೀಜ ಅಲ್ಲಿಗೇ ಬೀಳುತ್ತದೆ. ಹರಳಿಗೂ ಕೆದಕಿದ ಮಣ್ಣು, ಗೊಬ್ಬರ, ಬಿಸಿಲು ಬೇಕು. ನಮ್ಮ ಕಡೆ ದಟ್ಟ ಕಾಡಿನ ನೆರಳಲ್ಲಿ ಹರಳು ಹುಡುಕಿದರೂ ಸಿಗುವುದಿಲ್ಲ. ತಿಪ್ಪೆ, ರಸ್ತೆ ಬದಿ, ಮನೆ ಕಟ್ಟಲು ಮಣ್ಣು ತೆಗೆದ ಜಾಗ, ಶಿವಮೊಗ್ಗ ಭದ್ರಾವತಿಯ ಖಾಲಿ ಸೈಟುಗಳು, ಇವೇ ಅದರ ಠಿಕಾಣಿ. ದೊಡ್ಡ ಗಿಡವಾದರೆ ಗುರುತು ಕಷ್ಟವಿಲ್ಲ. ಪಪ್ಪಾಯಿಗೆ ಒಂದೇ ನೆಟ್ಟಗಿನ ಕಾಂಡ, ತುದಿಯಲ್ಲಿ ಮಾತ್ರ ಎಲೆ. ಹರಳು ಕವಲೊಡೆದು ಪೊದೆಯಾಗುತ್ತದೆ, ತುದಿಯಲ್ಲಿ ಗೊಂಚಲು ಗೊಂಚಲಾಗಿ ಕಾಯಿ. ಗೊಂದಲ ಆಗುವುದು ಮೊಣಕಾಲೆತ್ತರ, ಸೊಂಟದೆತ್ತರದ ಗಿಡಗಳಲ್ಲಿ. ಆಗ ಎರಡಕ್ಕೂ ಒಂದೇ ಕಾಂಡ, ಉದ್ದ ತೊಟ್ಟು, ಕೈ ಬೆರಳು ಹರಡಿದ ಹಾಗಿನ ಎಲೆ. ಇನ್ನೂ ಎಳೆಯ ಪಪ್ಪಾಯಿಯಲ್ಲಿ ಎಲೆ ಪೂರ್ತಿ ಸೀಳಿರುವುದಿಲ್ಲ, ಹಾಗಾಗಿ ಹರಳಿನ ಹಾಗೇ ಕಾಣುತ್ತದೆ.

ಜಾಸ್ತಿ ಜನ ಎಲೆಯ ಸೀಳುಗಳನ್ನು ಎಣಿಸಲು ಹೋಗುತ್ತಾರೆ. ಅದರಿಂದ ಪ್ರಯೋಜನ ಇಲ್ಲ. ಹರಳಿನಲ್ಲಿ ಐದರಿಂದ ಹನ್ನೊಂದರವರೆಗೆ ಸೀಳು ಇರಬಹುದು, ಪಪ್ಪಾಯಿಯಲ್ಲಿ ಏಳರ ಆಸುಪಾಸು. ಲೆಕ್ಕ ಒಂದರೊಳಗೊಂದು ಸೇರಿಹೋಗುತ್ತದೆ. ಎಲೆಯ ಅಗಲ, ಬಣ್ಣ ನಂಬಿದರೂ ಅಷ್ಟೇ. ಹರಳಿನಲ್ಲಿ ಕೆಂಪು ತೊಟ್ಟಿನದ್ದೂ ಇದೆ, ಹಸಿರು ತೊಟ್ಟಿನದ್ದೂ ಇದೆ. ನಾನು ನೋಡುವುದು ಒಂದೇ ಜಾಗ: ತೊಟ್ಟು ಎಲೆಗೆ ಎಲ್ಲಿ ಸೇರಿದೆ ಅನ್ನುವುದು.

ಪತ್ರೊಡೆ ಮಾಡಲು ಕೆಸುವಿನ ಎಲೆ ಕೊಯ್ಯುತ್ತೀರಲ್ಲ, ಅದರ ತೊಟ್ಟು ಎಲೆಯ ಅಂಚಿಗೆ ಸೇರಿರುವುದಿಲ್ಲ. ಅಂಚಿನಿಂದ ಒಳಗೆ, ಎಲೆಯ ಹೊಟ್ಟೆಗೆ ಬಂದು ಸೇರಿರುತ್ತದೆ. ಮೇಲೆ ಒಂದು ಕಚ್ಚು ಇದ್ದರೂ ಅದು ತೊಟ್ಟಿನವರೆಗೆ ಬರುವುದಿಲ್ಲ. ಹರಳಿನ ಎಲೆಯೂ ಹಾಗೇ. ಎಲೆ ತಿರುಗಿಸಿ ಅಡಿಭಾಗ ನೋಡಿ. ತೊಟ್ಟು ಸೇರಿದ ಜಾಗದಿಂದ ನರಗಳು ಎಲ್ಲಾ ದಿಕ್ಕಿಗೂ ಹೊರಡುತ್ತವೆ, ಕೆಲವು ಗಿಡ್ಡ ನರಗಳು ಹಿಂದಕ್ಕೆ, ಕಾಂಡದ ಕಡೆಗೂ ಹೋಗುತ್ತವೆ. ತೊಟ್ಟಿನ ಹಿಂಭಾಗದಲ್ಲೂ ಹಸಿರು ಎಲೆಯ ಪಟ್ಟಿ ಇದ್ದೇ ಇರುತ್ತದೆ. ಪಪ್ಪಾಯಿಯಲ್ಲಿ ಹಾಗಲ್ಲ. ಅಲ್ಲಿ ಸೀಳು ನೇರ ತೊಟ್ಟಿನ ತುದಿಯವರೆಗೆ ಬರುತ್ತದೆ. ಆದರೆ ಒಂದು ಮೋಸ ಇದೆ. ಪಪ್ಪಾಯಿಯ ಕೆಳಗಿನ ಎರಡು ಸೀಳುಭಾಗ ಹಿಂದಕ್ಕೆ ಬಾಗಿ ಒಂದರ ಮೇಲೊಂದು ಬಿದ್ದಿರುತ್ತವೆ. ಮೇಲಿನಿಂದ ನೋಡಿದರೆ ತೊಟ್ಟು ನಡುವೆ ಸೇರಿದ ಹಾಗೆ ಕಾಣುತ್ತದೆ. ಆ ಎರಡು ಭಾಗಗಳನ್ನು ಬೆರಳಿನಿಂದ ಬೇರೆ ಮಾಡಿ. ಬಿಟ್ಟುಕೊಂಡು ತೊಟ್ಟಿನವರೆಗೆ ದಾರಿ ಕಂಡರೆ ಪಪ್ಪಾಯಿ. ಬಿಡಿಸಲು ಹೋದರೆ ಎಲೆ ಹರಿಯುತ್ತದೆ ಅಂದರೆ ಹರಳು.

ಎರಡನೆಯದು ಎಲೆಯ ಅಂಚು. ಹರಳಿನ ಎಲೆಯ ಪ್ರತಿ ಬೆರಳಿನ ಅಂಚೂ ಗರಗಸದ ಹಾಗೆ, ಉದ್ದಕ್ಕೂ ಸಣ್ಣ ಹಲ್ಲು. ಆ ಬೆರಳು ಮಾತ್ರ ಮತ್ತೆ ಕವಲೊಡೆಯದೆ ನೆಟ್ಟಗೆ ಚೂಪಾಗಿ ಮುಗಿಯುತ್ತದೆ. ಬೆಳೆದ ಪಪ್ಪಾಯಿ ಎಲೆಯಲ್ಲಿ ಬೆರಳೇ ಮತ್ತೆ ಸೀಳಿರುತ್ತದೆ, ದೊಡ್ಡ ಬೆರಳಿಗೆ ಪಕ್ಕದಲ್ಲಿ ಇನ್ನಷ್ಟು ಬೆರಳು. ಅಂಚಲ್ಲಿ ಆ ಸಣ್ಣ ಒತ್ತೊತ್ತು ಹಲ್ಲು ಇರುವುದಿಲ್ಲ.

ಮೂರನೆಯದು ಹಾಲು. ತೊಟ್ಟು ಮುರಿದರೆ ಪಪ್ಪಾಯಿಯಲ್ಲಿ ಬಿಳಿ ಹಾಲು ಬರುತ್ತದೆ. ಕಣ್ಣಿಗೆ ತಾಗಿಸಿಕೊಳ್ಳಬೇಡಿ, ಉರಿಯುತ್ತದೆ. ಹರಳಿನಲ್ಲಿ ಬರುವುದು ತಿಳಿ ನೀರಿನಂಥ ರಸ. ಹಾಲು ಬರಲಿಲ್ಲ ಅಂದರೆ ಅದು ಪಪ್ಪಾಯಿ ಅಲ್ಲ, ಅಲ್ಲಿಗೇ ಬಿಟ್ಟುಬಿಡಿ. ಹಾಲು ಬಂತು ಅಂದ ಮಾತ್ರಕ್ಕೆ ಪಪ್ಪಾಯಿ ಅನ್ನುವ ಹಾಗೂ ಇಲ್ಲ. ಮರಗೆಣಸಿಗೂ ಬಿಳಿ ಹಾಲಿದೆ, ಮಲೆನಾಡಿನ ಎಷ್ಟೋ ತೋಟದ ಬೇಲಿಯಲ್ಲಿ ಅದೂ ಇರುತ್ತದೆ. ಮರಗೆಣಸಿನ ಎಲೆಯ ಬೆರಳುಗಳು ಹೆಚ್ಚುಕಡಿಮೆ ಬುಡದವರೆಗೂ ಬೇರೆಬೇರೆ ಆಗಿರುತ್ತವೆ, ಅಂಚು ನುಣುಪು, ಹಲ್ಲಿಲ್ಲ. ಅದರ ಹಸಿ ಎಲೆಯನ್ನು ಅರೆದು ಕುಡಿದರೆ ಸಯನೈಡ್ ಬಿಡುಗಡೆಯಾಗುತ್ತದೆ. ಅಂದರೆ ಪಪ್ಪಾಯಿ ಎಂದು ತಪ್ಪಾಗಿ ತಿಳಿದು ಕೊಯ್ದರೆ ಅದೂ ಅಪಾಯವೇ.

ನಮ್ಮ ಕಡೆ ಗೊಂದಲ ಮಾಡುವ ಇನ್ನೊಂದು ಗಿಡ ಕಾಡುಹರಳು, ಜಟ್ರೋಫಾ. ದನ ಬಾಯಿ ಹಾಕುವುದಿಲ್ಲ ಅಂತ ಬೇಲಿಗೆ ಗೂಟ ನೆಡುತ್ತಾರಲ್ಲ, ಅದೇ. ಎಲೆಯಲ್ಲಿ ಮೂರೋ ಐದೋ ಮೂಲೆ, ಆಳವಾಗಿ ಸೀಳಿರುವುದಿಲ್ಲ, ಅಂಚಲ್ಲಿ ಹಲ್ಲಿಲ್ಲ. ಕಾಯಿ ನುಣುಪು, ಒಳಗೆ ಕಪ್ಪು ಬೀಜ. ಹೆಸರಲ್ಲಿ ಹರಳು ಇದ್ದರೂ ವಿಷ ಬೇರೆ. ಬೀಜಕ್ಕೆ ಕಡಲೆಬೀಜದಂಥ ರುಚಿ ಇರುವುದರಿಂದ ಶಾಲೆ ಮಕ್ಕಳು ಗುಂಪಾಗಿ ತಿಂದು ಆಸ್ಪತ್ರೆ ಸೇರುವುದು ಆಗಾಗ ನಡೆಯುತ್ತದೆ. ಅಲ್ಲಿ ವಾಂತಿ ಬೇಗ ಶುರುವಾಗುತ್ತದೆ. ಇನ್ನು ಉಪ್ಪಳಿಗೆ ಮರದ ಎಲೆಯಲ್ಲೂ ತೊಟ್ಟು ನಡುವೆಯೇ ಸೇರುತ್ತದೆ, ಆದರೆ ಸೀಳೇ ಇಲ್ಲ, ದುಂಡಗಿನ ಎಲೆ. ಬೆಂಡೆ, ಹತ್ತಿ, ಪುಂಡಿ ಇವನ್ನು ನೀವು ತಪ್ಪಾಗಿ ತಿಳಿಯುವುದಿಲ್ಲ ಬಿಡಿ.

ಹರಳಿನಲ್ಲಿ ಇನ್ನೊಂದು ಗುರುತು ಇದೆ, ನನಗೆ ಬಹಳ ಇಷ್ಟವಾದದ್ದು. ತೊಟ್ಟು ಎಲೆಗೆ ಸೇರುವ ಜಾಗದ ಹತ್ತಿರ ಸಣ್ಣ ಗುಳ್ಳೆಯಂಥ ಗಂಟುಗಳಿರುತ್ತವೆ. ಅವು ಸಿಹಿ ರಸ ಒಸರುತ್ತವೆ. ಬೆಳಿಗ್ಗೆ ಹೋಗಿ ನೋಡಿದರೆ ಅಲ್ಲಿ ಇರುವೆ ನಿಂತು ನೆಕ್ಕುತ್ತಿರುತ್ತದೆ. ಎಳೆ ಕಾಂಡದ ಮೇಲೆ ಬೂದಿ ಹಚ್ಚಿದ ಹಾಗೆ ಬಿಳಿ ಮೇಣ ಇರುವುದೂ ಉಂಟು, ಉಗುರಲ್ಲಿ ಕೆರೆದರೆ ಬರುತ್ತದೆ.

ನಿಮ್ಮ ದೊಡ್ಡ ಗಿಡದ ಕಾಯಿಗೆ ಬರೋಣ. ಮುಳ್ಳು ಕಂಡರೂ ಎಳೆಯದರಲ್ಲಿ ಮೆತ್ತಗೆ, ಚುಚ್ಚುವುದಿಲ್ಲ. ಒಳಗೆ ಮೂರು ಕೋಣೆ, ಕೋಣೆಗೊಂದು ಬೀಜ. ಬಿಸಿಲಿಗೆ ಒಣಗಿದಾಗ ಕಾಯಿ ಪಟ್ಟೆಂದು ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ಹಾಗಾಗಿ ಗಿಡ ಒಂದು ಕಡೆ ಇದ್ದರೆ ಬೀಜ ಅಂಗಳದಲ್ಲಿ ಸಿಗುತ್ತದೆ, ಮಕ್ಕಳ ಕೈಗೆ ಬರುವುದು ಹೀಗೆ. ಬೀಜ ನೋಡಿದ್ದೀರಲ್ಲ, ದನದ ಕಿವಿಯಲ್ಲಿ ರಕ್ತ ಕುಡಿದು ಉಬ್ಬಿದ ಉಣ್ಣೆಯ ಥರ: ಬೂದು ಮೈ, ಕಂದು ಚಿತ್ತಾರ, ಒಂದು ತುದಿಯಲ್ಲಿ ತಲೆಯಂಥ ಬಿಳಿ ಗಂಟು. ಹೊಳೆಯುತ್ತದೆ. ಐದು ವರ್ಷದ ಹುಡುಗ ಕಿಸೆಗೆ ಹಾಕಿಕೊಳ್ಳದೆ ಬಿಡುತ್ತಾನಾ?

ಬೀಜದಲ್ಲಿರುವ ವಿಷದ ಹೆಸರು ರೈಸಿನ್. ಅದು ಒಂದು ಪ್ರೋಟೀನು. 1888ರಲ್ಲಿ ಸ್ಟಿಲ್‌ಮಾರ್ಕ್ ಎಂಬ ವಿಜ್ಞಾನಿ ಹರಳಿನ ಬೀಜದಿಂದ ಬೇರ್ಪಡಿಸಿ ಆ ಹೆಸರಿಟ್ಟರು. ಇದಕ್ಕೆ ಎರಡು ತುಂಡು, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ತುಂಡು ನಮ್ಮ ಜೀವಕೋಶದ ಹೊರಮೈಯಲ್ಲಿರುವ ಸಕ್ಕರೆಯನ್ನು ಹಿಡಿದುಕೊಂಡು ಒಳಗೆ ನುಗ್ಗಲು ದಾರಿ ಮಾಡುತ್ತದೆ. ಇನ್ನೊಂದು ತುಂಡು ಒಳಗೆ ಹೋಗಿ ರೈಬೋಸೋಮ್‌ಗಳನ್ನು ಹಾಳು ಮಾಡುತ್ತದೆ. ಜೀವಕೋಶಕ್ಕೆ ಬೇಕಾದ ಪ್ರೋಟೀನುಗಳೆಲ್ಲಾ ತಯಾರಾಗುವುದು ರೈಬೋಸೋಮ್‌ನಲ್ಲೇ. ಆ ತುಂಡು ರೈಬೋಸೋಮ್‌ನಿಂದ ಒಂದೇ ಒಂದು ಚೂರನ್ನು ಕಿತ್ತುಹಾಕುತ್ತದೆ, ಅಷ್ಟಕ್ಕೇ ಅದು ನಿಂತುಹೋಗುತ್ತದೆ. ಆಮೇಲೆ ಮುಂದಿನದಕ್ಕೆ ಹೋಗುತ್ತದೆ. ನಿಮಿಷಕ್ಕೆ ಸಾವಿರಕ್ಕೂ ಜಾಸ್ತಿ ರೈಬೋಸೋಮ್ ಹಾಳು ಮಾಡುವ ಶಕ್ತಿ ಅದಕ್ಕಿದೆ, ತಾನು ಮಾತ್ರ ಖರ್ಚಾಗುವುದಿಲ್ಲ. ಗುಲಗಂಜಿಯಲ್ಲಿರುವ ಅಬ್ರಿನ್ ಕೂಡ ಇದೇ ಜಾತಿಯ ವಿಷ, ಕೆಲಸ ಮಾಡುವ ರೀತಿಯೂ ಇದೇ.

ಇದು ಗೊತ್ತಾದರೆ ಎರಡು ವಿಷಯ ತಾವಾಗೇ ಅರ್ಥವಾಗುತ್ತವೆ.

ಒಂದು, ತಿಂದ ಕೂಡಲೇ ಯಾಕೆ ಏನೂ ಆಗುವುದಿಲ್ಲ ಅನ್ನುವುದು. ಪ್ರೋಟೀನು ತಯಾರಿ ನಿಂತರೂ ಜೀವಕೋಶದಲ್ಲಿ ಹಳೆಯ ದಾಸ್ತಾನು ಇರುತ್ತದೆ. ಅದು ಮುಗಿಯುವವರೆಗೆ ಎಲ್ಲಾ ಸರಿ ಇದ್ದ ಹಾಗೆ ಕಾಣುತ್ತದೆ. ಬೀಜ ಅಗಿದು ತಿಂದವರಿಗೆ ಸಾಮಾನ್ಯವಾಗಿ ನಾಲ್ಕರಿಂದ ಹತ್ತು ಗಂಟೆ ಏನೂ ಗೊತ್ತಾಗುವುದಿಲ್ಲ. ಕರುಳಿನ ಒಳಪದರವೇ ಮೊದಲು ಏಟು ತಿನ್ನುವುದರಿಂದ ಹೊಟ್ಟೆನೋವು, ವಾಂತಿ, ಭೇದಿ ಶುರುವಾಗುತ್ತದೆ. ಜೋರಾದರೆ ಭೇದಿಯಲ್ಲಿ ರಕ್ತ ಬರಬಹುದು. ಮೈಯಲ್ಲಿನ ನೀರು ಇಳಿದು ರಕ್ತದೊತ್ತಡ ಬೀಳುತ್ತದೆ. ಮುಂದಿನ ದಿನಗಳಲ್ಲಿ ಲಿವರ್, ಕಿಡ್ನಿ ಕೆಡಬಹುದು. ಮಕ್ಕಳಲ್ಲಿ ನೀರು ಇಳಿಯುವುದೇ ದೊಡ್ಡ ಅಪಾಯ.

ಎರಡು, ಅಗಿಯುವುದು ಮತ್ತು ನುಂಗುವುದರ ನಡುವೆ ಯಾಕೆ ಇಷ್ಟು ವ್ಯತ್ಯಾಸ ಅನ್ನುವುದು. ವಿಷ ಇರುವುದು ಒಳಗಿನ ತಿರುಳಿನಲ್ಲಿ. ಹೊರಸಿಪ್ಪೆ ಗಟ್ಟಿ, ನಮ್ಮ ಹೊಟ್ಟೆಯಲ್ಲಿ ಸುಲಭಕ್ಕೆ ಕರಗುವುದಿಲ್ಲ. ಬೀಜ ಇಡಿಯಾಗಿ ನುಂಗಿದರೆ ಎಷ್ಟೋ ಸಲ ಹಾಗೇ ಮಲದಲ್ಲಿ ಹೊರಬೀಳುತ್ತದೆ. ಹಲ್ಲಿಗೆ ಸಿಕ್ಕು ಒಡೆಯಿತು ಅಂದರೆ ಕಥೆ ಬೇರೆ. ಸಿಪ್ಪೆ ಬಿರುಕು ಬಿಟ್ಟಿದ್ದರೆ ನುಂಗಿದ್ದೂ ಅಪಾಯವೇ. ನಿಮ್ಮ ಮಗ ಬಾಯಲ್ಲಿ ಹೊರಳಿಸಿ ಉಗುಳಿದ, ಸಿಪ್ಪೆ ಒಡೆಯಲಿಲ್ಲ, ಅದಕ್ಕೇ ಏನೂ ಆಗಲಿಲ್ಲ.

ಎಷ್ಟು ಬೀಜ ತಿಂದರೆ ಸಾವು ಅಂತ ಕೆಲವರು ಕೇಳುತ್ತಾರೆ. ಒಂದು ಬೀಜ, ಎಂಟು ಬೀಜ ಅಂತ ನಾನಾ ಲೆಕ್ಕ ಓಡಾಡುತ್ತವೆ. ಇಂಥ ಲೆಕ್ಕವನ್ನು ನಾನು ಯಾರಿಗೂ ಕೊಡುವುದಿಲ್ಲ. ಎಷ್ಟು ಅಗಿದರು, ಬೀಜ ಎಷ್ಟು ದೊಡ್ಡದು, ಮಗುವಿನ ತೂಕ ಎಷ್ಟು ಎಂಬುದರ ಮೇಲೆ ಎಲ್ಲಾ ಬದಲಾಗುತ್ತದೆ. ಕೆಲವೇ ಬೀಜಕ್ಕೆ ಜೀವ ಹೋದದ್ದೂ ಇದೆ, ತುಂಬಾ ತಿಂದು ಚಿಕಿತ್ಸೆಯಿಂದ ಬದುಕಿದ್ದೂ ಇದೆ. ಹೊಟ್ಟೆಗೆ ಹೋದ ರೈಸಿನ್‌ನಲ್ಲಿ ತುಂಬಾ ಪಾಲು ಅಲ್ಲೇ ಹಾಳಾಗುತ್ತದೆ, ರಕ್ತಕ್ಕೆ ಸೇರುವುದು ಕಡಿಮೆ. ಅದೇ ನೇರ ಮೈಯೊಳಗೆ ಹೋದರೆ ಅತಿ ಸಣ್ಣ ಪ್ರಮಾಣವೂ ಸಾಕು. 1978ರಲ್ಲಿ ಲಂಡನ್ನಿನಲ್ಲಿ ಬಲ್ಗೇರಿಯಾದ ಬರಹಗಾರ ಗಿಯೋರ್ಗಿ ಮಾರ್ಕೋವ್ ಅವರ ತೊಡೆಗೆ ಗುಂಡುಸೂಜಿ ತಲೆಯಷ್ಟು ಗಾತ್ರದ ಲೋಹದ ಗುಳಿಗೆ ಹೊಕ್ಕಿಸಿ ಕೊಂದದ್ದು ಇದೇ ವಿಷದಿಂದ ಎಂದು ತನಿಖೆ ಮಾಡಿದವರ ತೀರ್ಮಾನ. ಪತ್ರಿಕೆಗಳಲ್ಲಿ ರೈಸಿನ್ ಎಂದರೆ ಆ ಕಥೆಯೇ ಬರುತ್ತದೆ, ಜನ ಹೆದರಿ ಗಿಡ ಮುಟ್ಟುವುದಕ್ಕೂ ಹಿಂದೇಟು ಹಾಕುತ್ತಾರೆ. ಗಿಡ ಮುಟ್ಟಿದರೆ, ಬೀಜ ಕೈಯಲ್ಲಿ ಹಿಡಿದರೆ ವಿಷವೇರುವುದಿಲ್ಲ.

ಇನ್ನೊಮ್ಮೆ ಹೀಗಾದರೆ ಏನು ಮಾಡಬೇಕು ಅನ್ನುವುದನ್ನು ನಿಮ್ಮ ಮನೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಸಂಜೆ ನಾಲ್ಕಕ್ಕೆ ಹುಡುಗ ಎರಡು ಬೀಜ ಅಗಿದದ್ದು ಕಂಡಿತು ಅಂದುಕೊಳ್ಳಿ. ಬಾಯಲ್ಲಿ ಉಳಿದಿದ್ದನ್ನು ಬೆರಳು ಹಾಕಿ ತೆಗೆದು, ಬಾಯಿ ಮುಕ್ಕಳಿಸಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಮಗುವಿಗೆ ಉಪ್ಪೇ ಏರಿ ಬೇರೆ ಕಷ್ಟ ಆಗುತ್ತದೆ. ಮಜ್ಜಿಗೆ, ತುಪ್ಪ, ನಿಂಬೆರಸ ಯಾವುದೂ ಈ ವಿಷಕ್ಕೆ ಮದ್ದಲ್ಲ. ಎಷ್ಟು ಹೊತ್ತಿಗೆ ತಿಂದ, ಎಷ್ಟು ತಿಂದ ಅಂತ ಗೊತ್ತಿದ್ದಷ್ಟು ಬರೆದಿಟ್ಟುಕೊಳ್ಳಿ. ಉಳಿದ ಬೀಜ, ಒಂದು ಕಾಯಿ, ಒಂದು ಎಲೆ ಕವರಿಗೆ ಹಾಕಿಕೊಂಡು ಹೊರಡಿ. ಡಾಕ್ಟರು ಹರಳೋ ಕಾಡುಹರಳೋ ಅಂತ ಕಣ್ಣಾರೆ ನೋಡಿದರೆ ಅರ್ಧ ಕೆಲಸ ಸುಲಭ.

ನಮ್ಮ ಕಡೆ ಜನ ತಪ್ಪುವುದು ಇಲ್ಲೇ. ಐದು ಗಂಟೆಗೆ ಹುಡುಗ ಕುಣಿಯುತ್ತಿದ್ದಾನೆ, ಆರಕ್ಕೆ ಊಟ ಕೇಳುತ್ತಾನೆ. ಏನೂ ಆಗಿಲ್ಲ, ಬೆಳಿಗ್ಗೆ ನೋಡೋಣ ಅನಿಸುತ್ತದೆ. ರಾತ್ರಿ ಹನ್ನೊಂದಕ್ಕೆ ವಾಂತಿ ಶುರುವಾದರೆ ಮಳೆಯಲ್ಲಿ, ಕತ್ತಲಲ್ಲಿ, ಘಾಟಿಯಲ್ಲಿ ಗಾಡಿ ಹುಡುಕಬೇಕು. ಏನೂ ಆಗದ ಆ ನಾಲ್ಕಾರು ಗಂಟೆ ಇರುವುದೇ ಆಸ್ಪತ್ರೆ ತಲುಪಲು. ತಿಂದು ಒಂದು ಗಂಟೆಯೊಳಗೆ ತಲುಪಿದರೆ ಔಷಧಿ ಇದ್ದಿಲು ಕೊಟ್ಟು ಹೊಟ್ಟೆಯಲ್ಲೇ ವಿಷ ಹೀರಿಸಲು ನೋಡಬಹುದು. ಅದನ್ನು ಡಾಕ್ಟರೇ ಕೊಡಬೇಕು, ಒಲೆಯ ಇದ್ದಿಲು ಅಲ್ಲ. ರೈಸಿನ್‌ಗೆ ಪ್ರತಿವಿಷ ಇಲ್ಲ. ಡ್ರಿಪ್ ಹಾಕಿ ನೀರು, ಲವಣ ತುಂಬಿಸುವುದು, ರಕ್ತದೊತ್ತಡ ಹಿಡಿದಿಡುವುದು, ಲಿವರ್ ಕಿಡ್ನಿ ಪರೀಕ್ಷೆ ಮಾಡುತ್ತಿರುವುದು, ಇಷ್ಟೇ ಚಿಕಿತ್ಸೆ. ಸಮಯಕ್ಕೆ ಸಿಕ್ಕರೆ ಹೆಚ್ಚಿನವರು ಇಷ್ಟರಲ್ಲೇ ಉಳಿಯುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಶುರು ಮಾಡಿ, ಬೇಕಾದರೆ ಶಿವಮೊಗ್ಗದ ಮೆಗ್ಗಾನ್‌ಗೆ ಕಳಿಸುತ್ತಾರೆ. ಆಂಬುಲೆನ್ಸಿಗೆ 108. ದೆಹಲಿಯ ಏಮ್ಸ್‌ನಲ್ಲಿ ವಿಷಮಾಹಿತಿ ಕೇಂದ್ರ ಇದೆ, ಹಗಲು ರಾತ್ರಿ ತೆರೆದಿರುತ್ತದೆ, ಡಾಕ್ಟರುಗಳೂ ಅಲ್ಲಿಗೆ ಕರೆ ಮಾಡುತ್ತಾರೆ: 1800 116 117. ಇಡಿಯಾಗಿ ನುಂಗಿದ್ದಾನೆ ಅನಿಸಿದರೂ ಡಾಕ್ಟರಿಗೆ ತೋರಿಸಿ. ಮಗು ಅಗಿದಿಲ್ಲ ಅಂತ ನಾವು ನೋಡಿರುವುದಿಲ್ಲವಲ್ಲ.

ಈಗ ಹರಳೆಣ್ಣೆ. ನಿಮ್ಮ ಪ್ರಶ್ನೆ ಸರಿಯಾಗೇ ಇದೆ. ಒಂದೇ ಬೀಜದಿಂದ ವಿಷವೂ ಎಣ್ಣೆಯೂ ಬಂದರೂ ಎರಡೂ ಒಂದು ಕಡೆ ಸೇರುವುದಿಲ್ಲ. ರೈಸಿನ್ ನೀರಿನಲ್ಲಿ ಕರಗುವ ಪ್ರೋಟೀನು, ಎಣ್ಣೆಯಲ್ಲಿ ಕರಗುವುದಿಲ್ಲ. ಬೀಜ ಹಿಂಡಿದಾಗ ಎಣ್ಣೆ ಹೊರಬರುತ್ತದೆ, ವಿಷ ಹಿಂಡಿಯಲ್ಲಿ ಉಳಿಯುತ್ತದೆ. ಚೂರುಪಾರು ಬಂದರೂ ಕಾಯಿಸಿದಾಗ ಕೆಡುತ್ತದೆ. ನಮ್ಮ ಅಜ್ಜಿಯರ ಕಾಲದ ಪದ್ಧತಿ ನೆನಪಿಸಿಕೊಳ್ಳಿ. ಬೀಜ ಹುರಿದು, ಒರಳಲ್ಲಿ ಕುಟ್ಟಿ, ನೀರು ಹಾಕಿ ದೊಡ್ಡ ಪಾತ್ರೆಯಲ್ಲಿ ಹೊತ್ತುಗಟ್ಟಲೆ ಕುದಿಸಿ, ಮೇಲೆ ತೇಲಿದ ಎಣ್ಣೆ ತೆಗೆದು, ನೀರಿನ ಪಸೆ ಹೋಗುವವರೆಗೆ ಮತ್ತೆ ಕಾಯಿಸುತ್ತಿದ್ದರು. ಹುರಿಯುವುದಕ್ಕಿಂತ ನೀರಲ್ಲಿ ಕುದಿಸುವುದೇ ವಿಷ ಕೊಲ್ಲಲು ಜಾಸ್ತಿ ಕೆಲಸ ಮಾಡುವುದು. ಒಣಬೀಜವನ್ನು ಸುಮ್ನೆ ಬಿಸಿ ಮಾಡಿದರೆ ಒಳಗಿನ ಪ್ರೋಟೀನು ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಹಾಗಾಗಿ ಹುರಿದ ಬೀಜ ತಿನ್ನಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈಗ ಮನೆಯಲ್ಲೇ ಎಣ್ಣೆ ತೆಗೆಯುತ್ತೇನೆ ಅಂತ ಹಸಿ ಬೀಜ ಮಿಕ್ಸಿಗೆ ಹಾಕುವವರನ್ನೂ ಕಂಡಿದ್ದೇನೆ, ಅದು ಬೇಡವೇ ಬೇಡ. ಆ ಪುಡಿಯ ಧೂಳು ಮೂಗಿಗೆ ಹೋಗುತ್ತದೆ. ಹರಳಿನ ಬೀಜದಲ್ಲಿ ಜೋರು ಅಲರ್ಜಿ ತರುವ ಪ್ರೋಟೀನು ಬೇರೆ ಇದೆ, ಆಸ್ತಮಾ ಇದ್ದವರಿಗೆ ಉಸಿರೇ ಕಟ್ಟಬಹುದು. ಅದೇ ಜಾರಿನಲ್ಲಿ ಮಾರನೇ ದಿನ ಚಟ್ನಿ ಅರೆಯುವ ಮನೆಯೂ ಇದೆ.

ಎಣ್ಣೆ ಕುಡಿದರೆ ಹೊಟ್ಟೆ ತೊಳೆಯುವುದು ವಿಷದಿಂದಲ್ಲ. ಎಣ್ಣೆಯಲ್ಲಿ ಬಹುಪಾಲು ಇರುವ ರಿಸಿನೋಲಿಕ್ ಆಮ್ಲ ಕರುಳನ್ನು ಹಿಂಡುವಂತೆ ಮಾಡುತ್ತದೆ, ಗರ್ಭಕೋಶವನ್ನೂ ಹಿಂಡಿಸಬಹುದು. ಬಸುರಿಯರು ಕುಡಿಯಬಾರದು ಅನ್ನುವುದು ಅದಕ್ಕೇ.

ಹಿಂಡಿಯ ಬಗ್ಗೆ ನೀವು ಕೇಳಿಲ್ಲ, ಆದರೂ ನಿಮ್ಮದು ಅಡಿಕೆ ತೋಟಗಳಿರುವ ಕಡೆಯಾದ್ದರಿಂದ ಹೇಳಿಬಿಡುತ್ತೇನೆ. ಗೊಬ್ಬರಕ್ಕೆ ಹರಳಿಂಡಿ ತರುವವರು ಚೀಲ ಬಾಯಿ ಕಟ್ಟಿ ಎತ್ತರದಲ್ಲಿಡಬೇಕು. ಸರಿಯಾಗಿ ಬೇಯಿಸದ ಹಿಂಡಿಯಲ್ಲಿ ವಿಷ ಪೂರ್ತಿ ಉಳಿದಿರುತ್ತದೆ. ಎಲುಬಿನ ಪುಡಿ ಸೇರಿದ ಗೊಬ್ಬರವಾದರೆ ನಾಯಿಗೆ ವಾಸನೆ ಬಡಿದು ಗಬಗಬ ತಿನ್ನುತ್ತದೆ. ಮಾರನೇ ದಿನ ರಕ್ತಭೇದಿ. ಬೇರೆ ಹಿಂಡಿ ಅಂತ ತಿಳಿದು ದನದ ಕಲಗಚ್ಚಿಗೆ ಹಾಕಿದ್ದೂ ಉಂಟು. ಚೀಲದ ಮೇಲೆ ದೊಡ್ಡದಾಗಿ ಬರೆದಿಡಿ.

ಇನ್ನು ನಿಮ್ಮ ಡೆಂಗ್ಯೂ ಕಷಾಯ. ಹರಳಿನ ಎಲೆಯಲ್ಲಿ ರೈಸಿನ್ ಬೀಜದಷ್ಟಿಲ್ಲ, ಆದರೆ ರಿಸಿನೈನ್ ಎಂಬ ಬೇರೊಂದು ವಿಷವಸ್ತು ಇದೆ. ದನ ಹರಳಿನ ಸೊಪ್ಪು ಜಾಸ್ತಿ ತಿಂದು ನಡುಗಿ ಬೀಳುವುದು ಅದರಿಂದಲೇ. ಎಲೆ ಬಿಸಿ ಮಾಡಿ ಮಂಡಿಗೆ ಕಟ್ಟುವುದು ಬೇರೆ, ಅರೆದು ರಸ ಕುಡಿಸುವುದು ಬೇರೆ. ನನಗೆ ಜಾಸ್ತಿ ಹೆದರಿಕೆ ಆಗುವುದು ಇನ್ನೊಂದು ಕಾರಣಕ್ಕೆ. ಡೆಂಗ್ಯೂನಲ್ಲಿ ಜ್ವರ ಇಳಿಯುವ ಹೊತ್ತಿಗೆ ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಲ್ಲಿ ರಕ್ತ ಕಂಡರೆ ತಕ್ಷಣ ಅಡ್ಮಿಟ್ ಮಾಡಬೇಕು, ಅದು ರಕ್ತನಾಳದಿಂದ ನೀರು ಸೋರುತ್ತಿರುವ ಸೂಚನೆ. ತಪ್ಪು ಎಲೆಯ ರಸ ಕುಡಿದವರಿಗೂ ಹೊಟ್ಟೆನೋವು, ವಾಂತಿಯೇ ಬರುವುದು. ಡೆಂಗ್ಯೂ ಜೋರಾಯಿತೋ ಎಲೆಯಿಂದಾಯಿತೋ ಅಂತ ಮನೆಯವರಿಗೂ ತಿಳಿಯುವುದಿಲ್ಲ, ಡಾಕ್ಟರಿಗೂ ತಿಳಿಯುವುದಿಲ್ಲ. ಹೀಗಾಗಿ ಏನು ಕುಡಿಸಿದಿರಿ ಎಂದು ಮುಚ್ಚಿಡಬೇಡಿ, ಬೈದರೆ ಬೈಯಲಿ. ಪಪ್ಪಾಯಿ ಎಲೆಯಿಂದ ಪ್ಲೇಟ್‌ಲೆಟ್ ಏರಬಹುದು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ, ಆದರೆ ಡೆಂಗ್ಯೂನಲ್ಲಿ ಜೀವಕ್ಕೆ ಕುತ್ತು ತರುವುದು ಮುಖ್ಯವಾಗಿ ಆ ನೀರಿನ ಸೋರಿಕೆ. ಅದನ್ನು ಎಲೆ ರಸ ನಿಲ್ಲಿಸುತ್ತದೆ ಎಂಬ ನಂಬಿಕೆಯಲ್ಲಿ ಆಸ್ಪತ್ರೆಗೆ ತಡ ಮಾಡಬಾರದು. ರಸ ಮಾಡಲೇಬೇಕು ಅಂದರೆ ಹಣ್ಣು ಬಿಟ್ಟಿರುವ, ನೀವು ಹಣ್ಣು ತಿಂದಿರುವ ಮರದ ಎಲೆಯನ್ನೇ ಕೊಯ್ಯಿರಿ. ತಾನಾಗಿ ಎದ್ದ ಸಣ್ಣ ಗಿಡದ್ದು ಬೇಡ.

ಗಿಡ ತೆಗೆಸಬೇಕಾ ಅಂದರೆ, ಐದು ವರ್ಷದ ಹುಡುಗ ಓಡಾಡುವ ಅಂಗಳದಲ್ಲಿ ಹೌದು. ತೋಟದಾಚೆ, ರಸ್ತೆ ಬದಿಯದ್ದು ಇದ್ದರೆ ಇರಲಿ, ಅದನ್ನು ಹುಡುಕಿಕೊಂಡು ಹೋಗಿ ಕಡಿಯುವ ಅಗತ್ಯ ಇಲ್ಲ. ತೆಗೆಯುವ ಕ್ರಮ ಹೀಗಿರಲಿ. ಕಾಯಿ ಹಸಿರಿದ್ದಾಗಲೇ ಮೊದಲು ಗೊಂಚಲುಗಳನ್ನು ಕತ್ತರಿಸಿ ಚೀಲಕ್ಕೆ ಹಾಕಿ. ಒಣಗಿದ ಗೊಂಚಲಿದ್ದರೆ ಬೆಳಿಗ್ಗೆ ಇಬ್ಬನಿ ಇರುವಾಗ ಕತ್ತರಿಸಿ, ಬಿಸಿಲೇರಿದ ಮೇಲೆ ಮುಟ್ಟಿದರೆ ಸಿಡಿದು ಬೀಜವೆಲ್ಲಾ ಚೆಲ್ಲುತ್ತದೆ. ಆಮೇಲೆ ಗಿಡ ಬುಡಸಮೇತ ಕೀಳಿ, ಬುಡ ಬಿಟ್ಟರೆ ಮತ್ತೆ ಚಿಗುರುತ್ತದೆ. ಗೊಂಚಲನ್ನು ಗೊಬ್ಬರಗುಂಡಿಗೆ ಹಾಕಬೇಡಿ, ಅಲ್ಲೇ ಮತ್ತೆ ಹುಟ್ಟುತ್ತದೆ. ನೆಲದ ಮೇಲಿನ ಬೀಜ ಆರಿಸಿ, ಕೈ ಸೋಪು ಹಾಕಿ ತೊಳೆಯಿರಿ. ಎಷ್ಟು ಆರಿಸಿದರೂ ಕೆಲವು ಮಣ್ಣಲ್ಲಿ ಉಳಿದಿರುತ್ತವೆ, ಮುಂದಿನ ಮೊದಲ ಮಳೆಗೆ ಮೊಳೆಯುತ್ತವೆ. ಹರಳಿನ ಮೊಳಕೆಯಲ್ಲಿ ಎದುರುಬದುರು ಎರಡು ದೊಡ್ಡ, ದಪ್ಪ, ಮೊಟ್ಟೆಯಾಕಾರದ ಎಲೆ ಮೊದಲು ಬರುತ್ತವೆ. ಪಪ್ಪಾಯಿ ಮೊಳಕೆಯ ಎಲೆ ಅದರ ಮುಂದೆ ತೀರಾ ಸಣ್ಣದು. ಆ ಹಂತದಲ್ಲೇ ಎರಡು ಬೆರಳಲ್ಲಿ ಕಿತ್ತರೆ ಬರುತ್ತದೆ. ನಿಮ್ಮ ಸಣ್ಣ ಗಿಡಗಳಲ್ಲಿ ಸೀಳು ತೊಟ್ಟಿನವರೆಗೆ ಬಂದು, ಮುರಿದರೆ ಬಿಳಿ ಹಾಲು ಬರುವುದನ್ನು ಮಾತ್ರ ಉಳಿಸಿಕೊಳ್ಳಿ. ಎಲ್ಲಾ ತೆಗೆದಾದ ಮೇಲೆ ಹುಡುಗನ ಕಿಸೆ, ಆಟಿಕೆ ಡಬ್ಬಿ ಒಮ್ಮೆ ತಡಕಿ ನೋಡಿ.